ಅಮೆರಿಕದ ಹಾಲಿನ ಪುಡಿ ಡಬ್ಬದಲ್ಲಿ ‘2 ಫ್ಲೂಯಿಡ್ ಔನ್ಸ್’ ಅಂತಿದೆ, ಇಲ್ಲಿನ ಬಾಟಲಿಯಲ್ಲಿ ಎಷ್ಟು ಎಂಎಲ್?

ದಾವಣಗೆರೆ ಸೊಸೆ

ಎಲ್ಲರಿಗೂ ನಮಸ್ಕಾರ. ನನ್ನ ನಾದಿನಿ ಡಲ್ಲಾಸ್‌ನಿಂದ ಬಂದಿದ್ದಾಳೆ. ಮಗುವಿಗೆ ನಾಲ್ಕು ತಿಂಗಳು, ಡಬ್ಬದ ಹಾಲೇ ಕುಡಿಯುತ್ತದೆ. ಅಲ್ಲಿಂದ ತಂದ ಗಾಜಿನ ಬಾಟಲಿಯ ಮೇಲೆ ಔನ್ಸ್ ಗೆರೆಗಳಿದ್ದವು. ಅದು ಬಿದ್ದು ಒಡೆಯಿತು. ಇಲ್ಲೇ ಮೆಡಿಕಲ್ ಶಾಪಿನಲ್ಲಿ ಹೊಸದು ತಂದೆವು. ಇದರಲ್ಲಿ ಬರೀ ಎಂಎಲ್ ಗೆರೆ, ಹತ್ತತ್ತಕ್ಕೆ ಒಂದು.

ಡಬ್ಬದ ಮೇಲೆ ‘2 ಫ್ಲೂಯಿಡ್ ಔನ್ಸ್ ನೀರಿಗೆ ಒಂದು ಸ್ಕೂಪ್’ ಎಂದಿದೆ. ಫೋನಿನಲ್ಲಿ ಹುಡುಕಿದರೆ ಒಂದು ಕಡೆ ಔನ್ಸಿಗೆ 29.57, ಇನ್ನೊಂದು ಕಡೆ 28.41 ಎಂದು ಬರುತ್ತದೆ. ಒಂದರ ಪ್ರಕಾರ 59 ಚಿಲ್ಲರೆ, ಇನ್ನೊಂದರ ಪ್ರಕಾರ 57 ಹತ್ತಿರ. ನಮ್ಮತ್ತೆ ‘60 ಹಾಕು, ತಲೆ ಕೆಡಿಸ್ಕೋಬೇಡ’ ಅನ್ನುತ್ತಾರೆ. ನಾದಿನಿ ಪಾಸ್‌ಪೋರ್ಟ್ ಕೆಲಸಕ್ಕೆ ಬೆಂಗಳೂರಿಗೆ ಹೋಗುವವಳಿದ್ದಾಳೆ. ಆಗ ಹಾಲು ಕಲಸುವವಳು ನಾನೇ. ಡಬ್ಬದ ಮುಂದೆ 12.4 ಔನ್ಸ್ ಅಂತಲೂ ಇದೆ, ಅದು ಏನು ಅಂತಲೂ ಗೊತ್ತಾಗಲಿಲ್ಲ.

ಲೆಕ್ಕದ ಶೆಟ್ಟರು

ನಿಮ್ಮತ್ತೆ ಹೇಳಿದ್ದೇ ಸರಿ. ಔನ್ಸ್ ಕಂಡರೆ 30ರಿಂದ ಗುಣಿಸಿ, ಮುಗೀತು. ಎರಡು ಔನ್ಸ್ ಅಂದರೆ 60, ನಾಲ್ಕು ಅಂದರೆ 120. ನಾನು ಅಂಗಡಿಯಲ್ಲಿ ಮೂವತ್ತು ವರ್ಷ ಇದೇ ಲೆಕ್ಕ ಇಟ್ಟಿದ್ದೇನೆ. ಡಬ್ಬದ ಮುಂದಿನ 12.4 ಔನ್ಸ್ ಅಂದರೆ 372 ಎಂಎಲ್ ಹಾಲಾಗುತ್ತದೆ ಅಂತ ಅರ್ಥ.

ಗೋಳಗುಮ್ಮಟ

ನನಗೂ ಇದೇ ಅನುಮಾನ ಇತ್ತು. ನಮ್ಮಣ್ಣ ತಂದ ಜ್ಯೂಸ್ ಡಬ್ಬದ ಮೇಲೆ 64 ಫ್ಲೂಯಿಡ್ ಔನ್ಸ್, 1.89 ಲೀಟರ್ ಎಂದಿತ್ತು. ಹಿಂದೆ ನೋಡಿದರೆ ಒಂದು ಸಲಕ್ಕೆ 8 ಔನ್ಸ್, 240 ಎಂಎಲ್, ಒಟ್ಟು 8 ಸಲ. ಎಂಟು ಸಲ 240 ಅಂದರೆ 1.92 ಲೀಟರ್ ಆಗಬೇಕಲ್ಲ? 30 ಎಂಎಲ್ ಎಲ್ಲಿಗೆ ಹೋಯಿತು? ಕಂಪನಿಯವರು ಕುಡಿದುಬಿಟ್ಟರಾ?

ನರ್ಸಕ್ಕ

ದಾವಣಗೆರೆ ಸೊಸೆಯವರೇ, 60 ಹಾಕಿ. ನಿಮ್ಮತ್ತೆ ಹೇಳಿದ್ದು ಸರಿ. ಆದರೆ ಶೆಟ್ಟರು ಹೇಳಿದ 12.4ರ ಲೆಕ್ಕ ತಪ್ಪು. ಅದನ್ನು ನಂಬಬೇಡಿ.

ಮೊದಲು ಡಬ್ಬ ಕೈಗೆ ತೆಗೆದುಕೊಂಡು ಹಾಲು ಕಲಸುವ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಅಮೆರಿಕದ ಡಬ್ಬಗಳಲ್ಲಿ ಸಾಮಾನ್ಯವಾಗಿ ಔನ್ಸಿನ ಪಕ್ಕದಲ್ಲೇ ಎಂಎಲ್ ಕೂಡ ಸಣ್ಣಗೆ ಮುದ್ರಿಸಿರುತ್ತಾರೆ. 2 ಔನ್ಸ್ ಎಂದಲ್ಲಿ 60, 4 ಎಂದಲ್ಲಿ 120. ಅದನ್ನು ಓದಿದರೆ ಸಾಕು, ಯಾವ ಕ್ಯಾಲ್ಕುಲೇಟರೂ ಬೇಡ.

12.4 ಔನ್ಸ್ ಅಂದರೆ ತೂಕದ ಔನ್ಸ್. ಅದರ ಹಿಂದೆ ‘ನೆಟ್ ವೆಯ್ಟ್’ ಎಂದಿರುತ್ತದೆ, ಮುಂದೆ ಗ್ರಾಂ ಇರುತ್ತದೆ. ತೂಕದ ಔನ್ಸಿಗೆ 28.35 ಗ್ರಾಂ. ಹಾಗಾಗಿ ನಿಮ್ಮ ಡಬ್ಬದಲ್ಲಿ 352 ಗ್ರಾಂ ಹತ್ತಿರ ಪುಡಿ ಇದೆ. ಎಷ್ಟು ಹಾಲಾಗುತ್ತದೆ ಅನ್ನುವುದು ಬೇರೆ ಕಡೆ ಬರೆದಿರುತ್ತದೆ.

ನಾನು ಎಳೆ ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುತ್ತೇನೆ. 59 ಹಾಕಿದಿರಾ 60 ಹಾಕಿದಿರಾ ಅಂತ ನಾವು ಕೇಳುವುದಿಲ್ಲ. ‘ಯಾವ ಡಬ್ಬ, ಯಾವ ಸ್ಕೂಪ್’ ಅಂತ ಮೊದಲು ಕೇಳುತ್ತೇವೆ. ಒಂದು ವಿಷಯ ಹೇಳಿ: ಮನೆಯಲ್ಲಿ ಇಲ್ಲಿಯ ಡಬ್ಬವೇನಾದರೂ ಇದೆಯಾ?

ಲೆಕ್ಕದ ಶೆಟ್ಟರು

ತೂಕದ ಔನ್ಸ್ ಬೇರೆ ಅಂತ ಒಪ್ಪಿದೆ. ಉಳಿದಿದ್ದಕ್ಕೆ 30 ನಡೆಯುತ್ತದೆ ಅಲ್ವಾ?

ನರ್ಸಕ್ಕ

ಮಗುವಿನ ಬಾಟಲಿಗೆ ನಡೆಯುತ್ತದೆ ಶೆಟ್ಟರೇ. ನಿಜವಾದ ಅಮೆರಿಕದ ಔನ್ಸ್ 29.57 ಎಂಎಲ್. ಎರಡು ಔನ್ಸಿಗೆ ಒಂದು ಎಂಎಲ್‌ಗಿಂತ ಕಡಿಮೆ ವ್ಯತ್ಯಾಸ. ಬಾಟಲಿಯ ಗೆರೆಯೇ ಅದಕ್ಕಿಂತ ದಪ್ಪ ಇರುತ್ತದೆ.

ಗುಮ್ಮಟದವರೇ, ನಿಮ್ಮ ಜ್ಯೂಸಿನ 30 ಎಂಎಲ್‌ಗೂ ಇದೇ ಉತ್ತರ. ಅಮೆರಿಕದಲ್ಲಿ ಪೋಷಕಾಂಶದ ಪಟ್ಟಿಗೆ ಔನ್ಸ್ ಅಂದರೆ 30 ಎಂಎಲ್ ಎಂದೇ ಅವರ ನಿಯಮ. ಮುಂದೆ ಬರೆಯುವ ಒಟ್ಟು ಅಳತೆಗೆ 29.57. ಒಂದೇ ಡಬ್ಬದ ಹಿಂದೊಂದು ಲೆಕ್ಕ, ಮುಂದೊಂದು ಲೆಕ್ಕ. ಯಾರೂ ಕುಡಿದಿಲ್ಲ.

ನಿವೃತ್ತ ಮೇಷ್ಟ್ರು

28.41 ಎಲ್ಲಿಂದ ಬಂತು ಅಂತ ಯಾರೂ ಹೇಳಲಿಲ್ಲ. ಅದು ಬ್ರಿಟನ್ನಿನ ಔನ್ಸ್. ಹಿಂದೆ ಇಂಗ್ಲೆಂಡಿನಲ್ಲಿ ವೈನ್ ಅಳೆಯಲು ಒಂದು ಗ್ಯಾಲನ್ ಇತ್ತು, 231 ಘನ ಅಂಗುಲದ್ದು. ರಾಣಿ ಆನ್ ಕಾಲದಲ್ಲಿ ಅದಕ್ಕೆ ಕಾನೂನಿನ ಮುದ್ರೆ ಬಿತ್ತು. ಅಮೆರಿಕ ಬೇರೆಯಾದ ಮೇಲೂ ಅದನ್ನೇ ಇಟ್ಟುಕೊಂಡಿತು. ಬ್ರಿಟನ್ ಮಾತ್ರ 1824ರಲ್ಲಿ ಹಳೆಯ ಗ್ಯಾಲನ್‌ಗಳನ್ನೆಲ್ಲ ಬಿಟ್ಟು ಹೊಸದು ಮಾಡಿತು. ಹತ್ತು ಪೌಂಡ್ ನೀರು ಎಷ್ಟು ಜಾಗ ಹಿಡಿಯುತ್ತದೋ ಅದೇ ಒಂದು ಗ್ಯಾಲನ್. ಅವರು ಅದನ್ನು 160 ಭಾಗ ಮಾಡಿದರು, ಅಮೆರಿಕದವರು ತಮ್ಮದನ್ನು 128 ಭಾಗ ಮಾಡಿದರು.

ಆದ್ದರಿಂದ ಅಮೆರಿಕದ ಗ್ಯಾಲನ್ ಚಿಕ್ಕದು, ಆದರೆ ಅವರ ಔನ್ಸ್ ದೊಡ್ಡದು! ಪಾಠ ಮಾಡುವಾಗ ಮಕ್ಕಳು ಇಲ್ಲೇ ಎಡವುತ್ತಿದ್ದರು. ಬ್ರಿಟನ್ನಿನ ಪಿಂಟ್‌ನಲ್ಲಿ 20 ಔನ್ಸ್, 568 ಎಂಎಲ್. ಅಮೆರಿಕದ ಪಿಂಟ್‌ನಲ್ಲಿ 16 ಔನ್ಸ್, 473 ಎಂಎಲ್. ಎರಡನ್ನೂ ಪಿಂಟ್ ಅಂತಲೇ ಕರೆಯುತ್ತಾರೆ.

ಗೋಳಗುಮ್ಮಟ

ಮೇಷ್ಟ್ರೇ, ಪರೀಕ್ಷೆ ಇಡಬೇಡಿ ಮತ್ತೆ.

ಲೆಸ್ಟರ್ ಲಲಿತೆ

ನಾನು ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದೇನೆ. ಮೇಷ್ಟ್ರು ಹೇಳಿದ ಔನ್ಸ್ ನಮ್ಮದು. ಆದರೆ ಇಲ್ಲಿನ ಡಬ್ಬಗಳಲ್ಲೂ ಔನ್ಸಿಗೆ 30 ಎಂಎಲ್ ಎಂದೇ ಹಾಕಿರುತ್ತಾರೆ. 28.41 ನೋಡಿಕೊಂಡು ಯಾರೂ ಹಾಲು ಕಲಸುವುದಿಲ್ಲ.

ಆದರೆ ದಾವಣಗೆರೆಯವರು ಬರೆದಿದ್ದು ನೋಡಿ ಗಾಬರಿಯಾಯಿತು. 2 ಔನ್ಸಿಗೆ ಒಂದೇ ಸ್ಕೂಪಾ? ನಮ್ಮಲ್ಲಿ 1 ಔನ್ಸ್, ಅಂದರೆ 30 ಎಂಎಲ್ ನೀರಿಗೆ ಒಂದು ಸ್ಕೂಪ್. 60ಕ್ಕೆ ಎರಡು. ಒಂದೇ ಹಾಕಿದರೆ ಹಾಲು ನೀರು ನೀರಾಗುತ್ತದೆ, ಮಗು ಸೊರಗುತ್ತದೆ. ದಯವಿಟ್ಟು ಇನ್ನೊಮ್ಮೆ ಸರಿಯಾಗಿ ಓದಿ.

ನರ್ಸಕ್ಕ

ಲಲಿತಮ್ಮ, ಅವರು ಸರಿಯಾಗೇ ಓದಿದ್ದಾರೆ, ನೀವು ಹೇಳಿದ್ದೂ ಸರಿ. ನಾನು ‘ಇಲ್ಲಿಯ ಡಬ್ಬ ಇದೆಯಾ’ ಅಂತ ಕೇಳಿದ್ದು ಇದಕ್ಕೇ.

ಅಮೆರಿಕದ ಪುಡಿಯ ಡಬ್ಬಗಳಲ್ಲಿ ಬಹುಪಾಲು ದೊಡ್ಡ ಸ್ಕೂಪ್ ಇರುತ್ತದೆ, 60 ಎಂಎಲ್ ನೀರಿಗೆ ಒಂದು. ಬ್ರಿಟನ್ನಿನಲ್ಲೂ ನಮ್ಮಲ್ಲೂ ಸಾಮಾನ್ಯವಾಗಿ ಚಿಕ್ಕ ಸ್ಕೂಪ್, 30 ಎಂಎಲ್‌ಗೆ ಒಂದು. ಕಲಸಿದ ಮೇಲೆ ಹಾಲಿನ ಸಾರ ಎಲ್ಲ ಕಡೆ ಹೆಚ್ಚು ಕಡಿಮೆ ಒಂದೇ, 100 ಎಂಎಲ್‌ಗೆ ಸುಮಾರು 67 ಕ್ಯಾಲೊರಿ. ಅಮೆರಿಕದವರು ಅದನ್ನೇ ಔನ್ಸಿಗೆ 20 ಕ್ಯಾಲೊರಿ ಅನ್ನುತ್ತಾರೆ. ಹಾಲು ಒಂದೇ, ಸ್ಕೂಪ್ ಮಾತ್ರ ಬೇರೆ.

ಅಮೆರಿಕದ ಸ್ಕೂಪನ್ನು ಇಲ್ಲಿನ ಡಬ್ಬಕ್ಕೆ ಹಾಕಿ 30 ಎಂಎಲ್ ಲೆಕ್ಕ ಹಿಡಿದರೆ ಹಾಲು ಎರಡು ಪಟ್ಟು ಗಟ್ಟಿಯಾಗುತ್ತದೆ. ಇಲ್ಲಿನ ಸ್ಕೂಪಿಗೆ 60 ನೀರು ಹಾಕಿದರೆ ಅರ್ಧಕ್ಕರ್ಧ ತೆಳುವಾಗುತ್ತದೆ. ನೀವೆಲ್ಲ 59 ಮತ್ತು 60ರ ನಡುವೆ ಜಗ್ಗಾಡುತ್ತಿದ್ದೀರಿ, ಅದು ನೂರಕ್ಕೆ ಒಂದೂವರೆಯಷ್ಟು ವ್ಯತ್ಯಾಸ. 28.41 ಹಿಡಿದರೂ ನೂರಕ್ಕೆ ಐದು. ಸ್ಕೂಪ್ ಅದಲು ಬದಲಾದರೆ ನೂರಕ್ಕೆ ನೂರು.

ತುಂಗಾ ತೀರ

ನರ್ಸಕ್ಕ ಹೇಳಿದ್ದು ನಮ್ಮ ಮನೆಯಲ್ಲೇ ಆಗಿದೆ. ಮೊಮ್ಮಗಳು ನ್ಯೂಜೆರ್ಸಿಯಿಂದ ಬಂದಿದ್ದಳು. ಅಲ್ಲಿಯ ಡಬ್ಬ ಖಾಲಿಯಾಯಿತು. ಇಲ್ಲಿಯದೊಂದು ತಂದೆವು, ಅದರೊಳಗಿದ್ದ ಸ್ಕೂಪನ್ನೇ ಬಳಸಿದೆವು. ಆದರೆ ಸೊಸೆಗೆ ‘ಎರಡು ಔನ್ಸಿಗೆ ಒಂದು’ ಅಂತ ಬಾಯಿಪಾಠ ಆಗಿಬಿಟ್ಟಿತ್ತು. ಹೊಸ ಡಬ್ಬದ ಪಟ್ಟಿ ಯಾರೂ ಓದಲಿಲ್ಲ.

ಮಗು ಬಾಟಲಿ ಪೂರ್ತಿ ಕುಡಿಯೋದು, ಗಂಟೆಯೊಳಗೆ ಮತ್ತೆ ಅಳೋದು. ಬಟ್ಟೆ ಮಾತ್ರ ಮೇಲಿಂದ ಮೇಲೆ ಒದ್ದೆ. ಹವಾ ಒಗ್ಗಿಲ್ಲ ಅಂದುಕೊಂಡೆವು, ದೃಷ್ಟಿ ತೆಗೆದೂ ಆಯಿತು. ತೂಕ ಹಾಕಿಸಿದಾಗ ಏರಿರಲಿಲ್ಲ. ಡಾಕ್ಟರು ಡಬ್ಬ, ಬಾಟಲಿ, ಸ್ಕೂಪ್ ಮೂರನ್ನೂ ತರಿಸಿಕೊಂಡು, ಅವರೆದುರಿಗೇ ಕಲಸಿ ತೋರಿಸಿ ಅಂದರು. ಸೊಸೆ ಕಲಸಿದಳು. ಅವರು ಸುಮ್ನೆ ಡಬ್ಬ ತಿರುಗಿಸಿ ಪಟ್ಟಿಯ ಮೇಲೆ ಬೆರಳಿಟ್ಟರು.

ದಾವಣಗೆರೆ ಸೊಸೆ

ಅಯ್ಯೋ, ಇದು ಓದಿ ಅಡುಗೆಮನೆಗೆ ಓಡಿದೆ. ಇಲ್ಲಿಯ ಡಬ್ಬ ಒಂದು ಇದೆ. ಅಮೆರಿಕದ್ದು ಮುಗಿದ ಮೇಲೆ ಕೊಡಲು ಮಕ್ಕಳ ಡಾಕ್ಟರು ಬರೆದುಕೊಟ್ಟಿದ್ದು, ಸೀಲ್ ಇನ್ನೂ ಒಡೆದಿಲ್ಲ. ಸದ್ಯ ಒಂದೇ ಸ್ಕೂಪ್ ಓಡಾಡುತ್ತಿದೆ. ಇಲ್ಲಿಯ ಡಬ್ಬದ ಮೇಲೆ 30 ಎಂಎಲ್‌ಗೆ ಒಂದು ಚಮಚ ಅಂತಲೇ ಇದೆ.

ಅಮೆರಿಕದ ಡಬ್ಬದ ಪಟ್ಟಿಯಲ್ಲಿ ಎಂಎಲ್ ಇದೆ ಅಕ್ಕ, ನೀವು ಹೇಳಿದ ಹಾಗೆ ಸಣ್ಣಗೆ. 60, 120, 180, 240. ಒಂದು ಸ್ಕೂಪಿಗೆ 8.7 ಗ್ರಾಂ. ಆದರೆ ಇನ್ನೊಂದು ಗೊಂದಲ. ಡಬ್ಬದಿಂದ ಸುಮಾರು 90 ಫ್ಲೂಯಿಡ್ ಔನ್ಸ್ ಹಾಲಾಗುತ್ತದೆ ಅಂತಿದೆ. 352ನ್ನು 8.7ರಿಂದ ಭಾಗಿಸಿದರೆ 40 ಸ್ಕೂಪ್. 40 ಸಲ 2 ಅಂದರೆ 80 ತಾನೆ? ಹತ್ತು ಔನ್ಸ್ ಎಲ್ಲಿಂದ ಬಂತು?

ಲೆಕ್ಕದ ಶೆಟ್ಟರು

ಸ್ಕೂಪ್ ತಲೆ ತಟ್ಟಿ ಹಾಕುವ ಬದಲು ಸ್ವಲ್ಪ ಕಡಿಮೆ ಹಾಕಿದರೆ 45 ಸ್ಕೂಪ್ ಬರುತ್ತದೆ. ಕಂಪನಿ ಲೆಕ್ಕ ಹಾಗೆ ಇರಬೇಕು.

ನಿವೃತ್ತ ಮೇಷ್ಟ್ರು

ಇಲ್ಲ ಶೆಟ್ಟರೇ. ಪುಡಿಗೂ ಜಾಗ ಬೇಕಲ್ಲ. 60 ಎಂಎಲ್ ನೀರಿಗೆ 8.7 ಗ್ರಾಂ ಪುಡಿ ಹಾಕಿ ಕಲಸಿದರೆ ಹಾಲು 60ರಲ್ಲೇ ನಿಲ್ಲುವುದಿಲ್ಲ. 66 ದಾಟುತ್ತದೆ. ಲೆಕ್ಕ ನೋಡಿ: 40 ಸ್ಕೂಪಿಗೆ 2,400 ಎಂಎಲ್ ನೀರು. 90 ಔನ್ಸ್ ಅಂದರೆ 2,661 ಎಂಎಲ್. ಉಳಿದ 261ನ್ನು 40ರಿಂದ ಭಾಗಿಸಿದರೆ ಸ್ಕೂಪಿಗೆ ಆರೂವರೆ ಎಂಎಲ್. ಪುಡಿ ಕರಗಿ ಹಿಡಿದ ಜಾಗ ಅಷ್ಟೇ. ಕಂಪನಿ ಲೆಕ್ಕ ಸರಿಯಾಗಿದೆ.

ನರ್ಸಕ್ಕ

ಮೇಷ್ಟ್ರ ಈ ಆರೂವರೆ ಎಂಎಲ್ ಹಿಡಿದುಕೊಳ್ಳಿ, ಹಾಲು ಕಲಸುವವರಿಗೆ ಇದು ಬೇಕಾಗುತ್ತದೆ. ಡಬ್ಬದ ಮೇಲಿನ 2 ಔನ್ಸ್ ಅನ್ನುವುದು ನೀರಿನ ಅಳತೆ, ತಯಾರಾದ ಹಾಲಿನದಲ್ಲ. ಮೊದಲು ನೀರು ಗೆರೆಯವರೆಗೆ, ಆಮೇಲೆ ಪುಡಿ. ನಮ್ಮ ಕಡೆ ಅಜ್ಜಿಯಂದಿರು ಮೊದಲು ಪುಡಿ ಹಾಕಿ, ಆಮೇಲೆ 120ರ ಗೆರೆವರೆಗೆ ನೀರು ತುಂಬುತ್ತಾರೆ. ಎರಡು ಸ್ಕೂಪಿನ ಪುಡಿಯೇ 13 ಎಂಎಲ್ ಜಾಗ ಹಿಡಿದಿರುತ್ತದೆ. ಒಳಗೆ ಹೋಗುವ ನೀರು 107 ಮಾತ್ರ. ಹಾಲು ನೂರಕ್ಕೆ ಹತ್ತು ಹನ್ನೊಂದರಷ್ಟು ಜಾಸ್ತಿ ಗಟ್ಟಿ. ನೀವು ಹುಡುಕಿದ 29.57ಕ್ಕಿಂತ ಈ ತಪ್ಪು ಎಷ್ಟೋ ದೊಡ್ಡದು. ಪ್ರತಿ ಬಾಟಲಿಯಲ್ಲೂ ಹೀಗೇ ಆದರೆ ಮಗುವಿನ ಹೊಟ್ಟೆ ಕಟ್ಟುತ್ತದೆ. ಬೇಸಿಗೆಯಲ್ಲಿ ಬಾಯಾರಿಕೆಗೆ ಅಳುತ್ತದೆ, ಹಸಿವು ಅಂದುಕೊಂಡು ಇನ್ನೊಂದು ಬಾಟಲಿ ಕೊಡುತ್ತೇವೆ.

ಎರಡು ಪಟ್ಟು ಗಟ್ಟಿಯಾದರೆ ಮಾತೇ ಬೇರೆ. ಮಗುವಿನ ಮೂತ್ರಪಿಂಡಕ್ಕೆ ಅಷ್ಟು ಉಪ್ಪು ಹೊರಹಾಕಲು ಆಗುವುದಿಲ್ಲ, ರಕ್ತದಲ್ಲಿ ಸೋಡಿಯಂ ಏರುತ್ತದೆ. ತುಂಬಾ ತೆಳುವಾದರೆ ಅದೇ ಸೋಡಿಯಂ ಇಳಿದು ಫಿಟ್ಸ್ ಬಂದು ಆಸ್ಪತ್ರೆ ಸೇರುವುದೂ ಇದೆ. ಮಗು ಮಂಕಾಗಿ ಎದ್ದೇಳದಿದ್ದರೆ, ತುಂಬ ಹೊತ್ತು ಮೂತ್ರ ಮಾಡದಿದ್ದರೆ, ಕೈಕಾಲು ಅದುರಿದರೆ ಇಲ್ಲಿ ಬರೆದು ಕೇಳಬೇಡಿ, ನೇರ ಆಸ್ಪತ್ರೆಗೆ ಹೋಗಿ.

ದಾವಣಗೆರೆ ಸೊಸೆ

ಅತ್ತೆ ಪಕ್ಕದಲ್ಲೇ ಕೂತು ಕೇಳಿಸಿಕೊಂಡರು. ‘ನಾನು ಮೊದಲು ಪುಡಿ ಹಾಕೋದೇ’ ಅಂದರು. ಇನ್ನು ಮೇಲೆ ನೀರು ಮೊದಲು ಅಂತ ಒಪ್ಪಿದ್ದಾರೆ.

ಮಗು ಒಂದು ಸಲಕ್ಕೆ 5 ಔನ್ಸ್ ಕುಡಿಯುತ್ತದೆ ಅಂತ ನಾದಿನಿ ಹೇಳುತ್ತಾಳೆ. ಪಟ್ಟಿಯಲ್ಲಿ 4 ಇದೆ, 6 ಇದೆ. 5ಕ್ಕೆ ಎರಡೂವರೆ ಸ್ಕೂಪ್ ಹಾಕಲಾ?

ನರ್ಸಕ್ಕ

ಅರ್ಧ ಸ್ಕೂಪ್ ಬೇಡ. ಕಣ್ಣಂದಾಜಿಗೆ ಅರ್ಧ ಅಂದರೆ ಯಾರ ಕೈಯಲ್ಲೂ ಸರಿ ಬರುವುದಿಲ್ಲ. 120 ನೀರಿಗೆ ಎರಡು ಸ್ಕೂಪ್ ಹಾಕಿದರೆ ಹೇಗೂ 133 ಎಂಎಲ್ ಹಾಲಾಗುತ್ತದೆ, ಅಂದರೆ ನಾಲ್ಕೂವರೆ ಔನ್ಸ್. ಬಹಳ ಮಕ್ಕಳಿಗೆ ಅಷ್ಟು ಸಾಕಾಗುತ್ತದೆ. ಸಾಲದೆ ಅಳುತ್ತಿದ್ದರೆ 180 ನೀರು, ಮೂರು ಸ್ಕೂಪ್ ಮಾಡಿ. ಉಳಿದದ್ದನ್ನು ಚೆಲ್ಲಿ. ಬಾಯಿ ಹಾಕಿದ ಬಾಟಲಿಯನ್ನು ಒಂದು ಗಂಟೆಗಿಂತ ಹೆಚ್ಚು ಇಡಬೇಡಿ. ಪುಡಿ ದುಬಾರಿ ಅಂತ ಗೊತ್ತು, ಆದರೂ ಇಡಬೇಡಿ.

ಸ್ಕೂಪ್ ಅಂದರೆ ತಲೆ ಸಮ ಮಾಡಿದ್ದು. ಡಬ್ಬದ ಅಂಚಿಗೆ ಒತ್ತಿ ತುಂಬಬೇಡಿ, ಚಾಕುವಿನ ಹಿಂಬದಿಯಿಂದ ತಲೆ ಸವರಿ.

ಗೋಳಗುಮ್ಮಟ

ಇಷ್ಟೆಲ್ಲ ಯಾಕೆ? ಬಾಟಲಿ ಮೇಲೆ ಎಂಎಲ್ ಗೆರೆ ಇದ್ದಮೇಲೆ ನಂಬಿದರಾಯಿತು. ನಮ್ಮ ಮನೆಯಲ್ಲಿದ್ದ ಬಾಟಲಿಯಲ್ಲಿ ಎರಡೂ ಕಡೆ ಗೆರೆ ಇತ್ತು. 4 ಔನ್ಸಿನ ಎದುರಿಗೆ 125, 9 ಔನ್ಸಿನ ಎದುರಿಗೆ 260. ಅದೂ ಒಂದೇ ಲೆಕ್ಕವಲ್ಲ.

ನಿವೃತ್ತ ಮೇಷ್ಟ್ರು

ನೋಡಿ, ಒಂದು ಕಡೆ ಔನ್ಸಿಗೆ 31 ಹತ್ತಿರ, ಇನ್ನೊಂದು ಕಡೆ 29. ಬಾಟಲಿ ಮಾಡುವವರು ಪೂರ್ಣ ಸಂಖ್ಯೆ ಬರಲಿ ಅಂತ ಒತ್ತರಿಸುತ್ತಾರೆ. ಹಾಗಾಗಿ ಒಂದು ಬದಿಯ ಗೆರೆ ಹಿಡಿದರೆ ಅದನ್ನೇ ಕೊನೆಯವರೆಗೆ ಹಿಡಿಯಬೇಕು. ಔನ್ಸ್ ಬದಿಯಿಂದ ಎಂಎಲ್ ಬದಿಗೆ ಹಾರಬಾರದು.

ಹೊಸ ಬಾಟಲಿಯ ಗೆರೆ ಸರಿಯಿದೆಯಾ ಅಂತ ನೋಡಲು ಸುಲಭದ ದಾರಿ ಇದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಖಾಲಿ ಬಾಟಲಿ ಇಟ್ಟು ಸೊನ್ನೆ ಮಾಡಿ. ನಿಧಾನ ನೀರು ಸುರಿದು 120 ಗ್ರಾಂ ಬಂದಾಗ ನಿಲ್ಲಿಸಿ. ಒಂದು ಎಂಎಲ್ ನೀರಿಗೆ ಒಂದು ಗ್ರಾಂ ತೂಕ. ಬಾಟಲಿಯನ್ನು ಸಮತಟ್ಟಾದ ಜಾಗದಲ್ಲಿಟ್ಟು, ಕಣ್ಣು ಗೆರೆಯ ಮಟ್ಟಕ್ಕೆ ತಂದು ನೋಡಿ. ಬಾಟಲಿ ಕೈಯಲ್ಲಿ ಎತ್ತಿ ಹಿಡಿದು ನೋಡಿದರೆ ಐದಾರು ಎಂಎಲ್ ಆಚೀಚೆ ಆಗುತ್ತದೆ.

ದಾವಣಗೆರೆ ಸೊಸೆ

ತಕ್ಕಡಿ ಇದೆ ಮೇಷ್ಟ್ರೇ, ಕೇಕ್ ಮಾಡಲು ತಂದದ್ದು. ಈಗ ನೋಡಿದೆ. 120 ಗ್ರಾಂ ನೀರು ಹಾಕಿದರೆ ಗೆರೆಗಿಂತ ಕೂದಲೆಳೆ ಕೆಳಗೆ ನಿಲ್ಲುತ್ತದೆ. ಸರಿಯಿದೆ ಅಂತಲೇ ಅಂದುಕೊಳ್ಳುತ್ತೇನೆ. ಅಮೆರಿಕದ ಸ್ಕೂಪಿನಲ್ಲಿ ಪುಡಿ ತಲೆ ಸವರಿ ತೂಗಿದೆ. ಒಮ್ಮೆ 8.6, ಮತ್ತೊಮ್ಮೆ 8.9 ಬಂತು. ಅತ್ತೆ ಕುಟ್ಟಿ ಕುಟ್ಟಿ ತುಂಬಿದಾಗ ಮಾತ್ರ ಹತ್ತು ದಾಟಿತು.

ನರ್ಸಕ್ಕ

ಬಹಳ ಚೆನ್ನಾಗಿ ಮಾಡಿದಿರಿ. ಆ ಸ್ಕೂಪಿನ ಹಿಡಿಗೆ ಈಗಲೇ ಒಂದು ಕೆಂಪು ದಾರ ಕಟ್ಟಿ. ಅಮೆರಿಕದ ಡಬ್ಬ ಖಾಲಿಯಾದ ದಿನ ಸ್ಕೂಪನ್ನೂ ಬಿಸಾಡಿ, ಡ್ರಾಯರಿನಲ್ಲಿ ಇಡಬೇಡಿ. ‘ಚೆನ್ನಾಗಿದೆ, ಉದ್ದ ಹಿಡಿ ಇದೆ’ ಅಂತ ಎತ್ತಿಡುತ್ತೀವಲ್ಲ, ಅಲ್ಲೇ ಎಡವಟ್ಟಾಗುವುದು.

ಲೆಸ್ಟರ್ ಲಲಿತೆ

ಒಂದು ವಿಷಯ ಯಾರೂ ಕೇಳಲಿಲ್ಲ. ನೀರು ಎಷ್ಟು ಬಿಸಿ? ನಮ್ಮ ಕಡೆ ಕುದಿಸಿ, ಅರ್ಧ ಗಂಟೆಯೊಳಗೆ, 70 ಡಿಗ್ರಿಗೆ ಕಡಿಮೆಯಾಗುವ ಮೊದಲೇ ಪುಡಿ ಹಾಕಬೇಕು ಅನ್ನುತ್ತಾರೆ. ಆಮೇಲೆ ತಣ್ಣೀರಿನ ಕೆಳಗೆ ಹಿಡಿದು ಆರಿಸುವುದು.

ದಾವಣಗೆರೆ ಸೊಸೆ

ನಾದಿನಿ ಅಲ್ಲಿ ಕುದಿಸಿ ಪೂರ್ತಿ ಆರಿಸಿದ ನೀರನ್ನೇ ಹಾಕುತ್ತಿದ್ದಳಂತೆ. ಅವಳ ಡಬ್ಬದಲ್ಲೂ ಹಾಗೇ ಇದೆ.

ನರ್ಸಕ್ಕ

ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಕೊಟ್ಟ ಸಲಹೆ ಲಲಿತಮ್ಮ ಹೇಳಿದ ಹಾಗೇ, 70 ಡಿಗ್ರಿ. ಪುಡಿ ಹಾಲು ಪೂರ್ತಿ ಕ್ರಿಮಿರಹಿತವಾಗಿ ಬರುವುದಿಲ್ಲ. ಕ್ರೋನೋಬ್ಯಾಕ್ಟರ್ ಅನ್ನುವ ಕ್ರಿಮಿ ಇರಬಹುದು. ಬಿಸಿನೀರು ಅದನ್ನು ಸಾಯಿಸುತ್ತದೆ. ಅಮೆರಿಕದಲ್ಲಿ ಎರಡು ತಿಂಗಳೊಳಗಿನ ಮಕ್ಕಳು, ದಿನ ತುಂಬದೆ ಹುಟ್ಟಿದವರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರಿಗೆ ಮಾತ್ರ ಬಿಸಿನೀರಿನ ಸಲಹೆಗೆ ಒತ್ತು ಕೊಡುತ್ತಾರೆ. ಅಷ್ಟು ಬಿಸಿಯಾದರೆ ಒಳ್ಳೆಯ ಬ್ಯಾಕ್ಟೀರಿಯಾ ಸೇರಿಸಿದ ಪುಡಿಯಲ್ಲಿ ಅವೂ ಸಾಯುತ್ತವೆ ಅನ್ನುವವರೂ ಇದ್ದಾರೆ. ನನ್ನ ಮಾತು ಕೇಳಿದರೆ ಬಿಸಿನೀರೇ. ಆದರೆ ನಿಮ್ಮ ಮಗುವಿನ ಡಾಕ್ಟರರನ್ನು ಒಮ್ಮೆ ಕೇಳಿ.

ನಿವೃತ್ತ ಮೇಷ್ಟ್ರು

ಬಿಸಿನೀರು ಅಂದಾಗ ನೆನಪಾಯಿತು. 70 ಡಿಗ್ರಿಯಲ್ಲಿ ನೀರು ಹಿಗ್ಗಿರುತ್ತದೆ. 120ರ ಗೆರೆವರೆಗೆ ತುಂಬಿದರೂ ತೂಕದಲ್ಲಿ ಅದು 117 ಗ್ರಾಂ ಹತ್ತಿರ. ಇದೂ 29.57 ಮತ್ತು 30ರ ವ್ಯತ್ಯಾಸಕ್ಕಿಂತ ಜಾಸ್ತಿ. ಅದಕ್ಕೇ ಹೇಳಿದ್ದು, ದಶಾಂಶ ಬಿಡಿ.

ಲೆಕ್ಕದ ಶೆಟ್ಟರು

ಹಾಗಾದರೆ ನನ್ನ 30ರ ಲೆಕ್ಕವೇ ಗೆದ್ದಿತು.

ನರ್ಸಕ್ಕ

ಬಾಟಲಿಗೆ ಗೆದ್ದಿತು ಶೆಟ್ಟರೇ. ಅಂಗಡಿಗೆ ಮಾಲು ತರಿಸುವಾಗ ಮಾತ್ರ ಹಾಗೆ ಲೆಕ್ಕ ಹಾಕಬೇಡಿ. 33.8 ಔನ್ಸಿಗೆ 30ರ ಲೆಕ್ಕದಲ್ಲಿ 1,014 ಎಂಎಲ್ ಬರುತ್ತದೆ, ಒಳಗಿರುವುದು ಒಂದು ಲೀಟರ್.

ತುಂಗಾ ತೀರ

ನನ್ನದೂ ಒಂದು ಪ್ರಶ್ನೆ. ದಿನಕ್ಕೆ ಒಟ್ಟು ಎಷ್ಟು ಅಂತ ಅಮೆರಿಕದ ಡಾಕ್ಟರು ಪೌಂಡ್ ಲೆಕ್ಕದಲ್ಲಿ ಹೇಳುತ್ತಾರಂತಲ್ಲ. ಅದನ್ನು ಕಿಲೋಗೆ ತರುವುದು ಹೇಗೆ?

ನರ್ಸಕ್ಕ

ಅಲ್ಲಿನ ಮಕ್ಕಳ ಡಾಕ್ಟರರ ಸಂಘದ ಅಂದಾಜು, ಮಗುವಿನ ತೂಕದ ಪೌಂಡಿಗೆ ದಿನಕ್ಕೆ ಎರಡೂವರೆ ಔನ್ಸ್. ಕಿಲೋಗೆ ತಂದರೆ 160 ಎಂಎಲ್ ದಾಟುತ್ತದೆ. ಇಲ್ಲಿ ನಾವು ಸುಮಾರು 150 ಅನ್ನುತ್ತೇವೆ. ಹೆಚ್ಚು ಅಂತರವಿಲ್ಲ. ಮೇಲಿನ ಮಿತಿ ದಿನಕ್ಕೆ 32 ಔನ್ಸ್, ಒಂದು ಲೀಟರಿಗೆ ತುಸು ಕಡಿಮೆ. ಆರು ಕಿಲೋ ಮಗುವಿಗೆ 900 ಎಂಎಲ್ ಸುತ್ತಮುತ್ತ ಇಟ್ಟುಕೊಳ್ಳಿ. ಇದು ಅಂದಾಜು ಮಾತ್ರ, ಬೇಡ ಅಂತ ಮುಖ ತಿರುಗಿಸಿದರೆ ಒತ್ತಾಯ ಮಾಡಬೇಡಿ.

ಗೋಳಗುಮ್ಮಟ

ನನ್ನ ಅಕ್ಕ ಕೂಡ ಮುಂದಿನ ತಿಂಗಳು ಮಗು ಕರೆದುಕೊಂಡು ಬರುತ್ತಾಳೆ. ಪುಡಿ ಬದಲು ನೀರಿನ ಹಾಗಿರುವ ಹಾಲಿನ ಡಬ್ಬ ತರುತ್ತಾಳಂತೆ. ಅದಕ್ಕೂ ಇಷ್ಟೆಲ್ಲ ಲೆಕ್ಕ ಬೇಕಾ?

ನರ್ಸಕ್ಕ

ಡಬ್ಬದ ಮೇಲೆ ಎಷ್ಟು ಔನ್ಸ್ ಅಂತ ಬರೆದಿದೆ, ಫೋಟೋ ತರಿಸಿ ನೋಡಿ. ದ್ರವದಲ್ಲಿ ಎರಡು ಬಗೆ. ‘ರೆಡಿ ಟು ಫೀಡ್’ ಅಂದರೆ ನೇರ ಕುಡಿಸುವುದು, ಸಾಮಾನ್ಯವಾಗಿ 32 ಔನ್ಸ್, 946 ಎಂಎಲ್ ಬಾಟಲಿ. ‘ಕಾನ್ಸಂಟ್ರೇಟೆಡ್’ ಅಂದರೆ ಗಟ್ಟಿ ದ್ರವ, 13 ಔನ್ಸ್, 384 ಎಂಎಲ್ ಡಬ್ಬ. ಅದಕ್ಕೆ ಅಷ್ಟೇ ಅಳತೆಯ ನೀರು ಸೇರಿಸಲೇಬೇಕು. ನೋಡಲು ಎರಡೂ ಹಾಲೇ, ಬಣ್ಣದಿಂದ ಗೊತ್ತಾಗುವುದಿಲ್ಲ.

ಗೋಳಗುಮ್ಮಟ

ಅಕ್ಕ ಫೋಟೋ ಕಳಿಸಿದಳು. 32 ಇದೆ, ರೆಡಿ ಟು ಫೀಡ್. ಹಾಗಾದರೆ ನೀರೇ ಬೇಡ?

ನರ್ಸಕ್ಕ

ಒಂದು ಹನಿಯೂ ಬೇಡ. ಚೆನ್ನಾಗಿ ಅಲ್ಲಾಡಿಸಿ, ಒಂದು ಹೊತ್ತಿಗೆ ಬೇಕಾದಷ್ಟು ಬಾಟಲಿಗೆ ಸುರಿಯಿರಿ. ಉಳಿದದ್ದು ಮುಚ್ಚಿ ಫ್ರಿಜ್‌ನಲ್ಲಿಡಿ. ಸಾಮಾನ್ಯವಾಗಿ 48 ಗಂಟೆಯೊಳಗೆ ಮುಗಿಸಬೇಕು ಅಂತಿರುತ್ತದೆ, ನಿಮ್ಮ ಡಬ್ಬದ ಮೇಲೆ ಎಷ್ಟಿದೆ ಓದಿಕೊಳ್ಳಿ. ಬೇಸಿಗೆಯಲ್ಲಿ ವಿಜಯಪುರದಲ್ಲಿ ಕರೆಂಟ್ ಹೋದರೆ ಮಾತ್ರ ಆ ಗಡುವು ನಂಬಬೇಡಿ.